ನಮ್ಮ ಎಪ್ಪತ್ತೈದು ಸೆಕೆಂಡಿನ ವಿಡಿಯೊದಲ್ಲಿ ಮನವಿ ಎಲ್ಲಿ ಬರಬೇಕು?

ಅಟ್ಟದ ಏಣಿ (ಉಡುಪಿ)

ಎಲ್ಲರಿಗೂ ನಮಸ್ಕಾರ. ಉಡುಪಿಯ ಹೊರವಲಯದಲ್ಲಿ ನಾವು ಕೆಲವರು ಸೇರಿ ಒಂದು ಸಣ್ಣ ಸೇವಾ ಸಂಸ್ಥೆಯನ್ನು ನಡೆಸುತ್ತಿದ್ದೇವೆ. ವಾಕರ್, ವ್ಹೀಲ್‌ಚೇರ್, ಕಮೋಡ್ ಕುರ್ಚಿ, ಏರ್‌ಬೆಡ್, ಆಸ್ಪತ್ರೆ ಮಂಚ ಇವುಗಳನ್ನು ಬೇಕಾದವರ ಮನೆಗೆ ಬಾಡಿಗೆ ಪಡೆಯದೆ ತಲುಪಿಸಿ, ಅಗತ್ಯ ಮುಗಿದ ಮೇಲೆ ಮರಳಿ ತಂದು, ತೊಳೆದು, ರಿಪೇರಿ ಮಾಡಿ, ಮತ್ತೊಬ್ಬರಿಗೆ ಕೊಡುವುದು ನಮ್ಮ ಕೆಲಸ. ನಮಗೆ ಈಗ ಹಣಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಜನರ ಅಟ್ಟದಲ್ಲಿ ಬಳಕೆಯಿಲ್ಲದೆ ಬಿದ್ದಿರುವ ಇಂತಹ ಸಾಮಾನುಗಳು.

ಇದಕ್ಕಾಗಿ ಒಂದು ಕಿರುವಿಡಿಯೊ ಮಾಡಿದೆವು. ಮೊದಲ ಆವೃತ್ತಿಯ ಕೊನೆಯ ಇಪ್ಪತ್ತು ಸೆಕೆಂಡು ಪೂರ್ತಿ ಮನವಿಯೇ ಇತ್ತು: ಕೈ ಜೋಡಿಸಿ, ದೇಣಿಗೆ ನೀಡಿ, ಸ್ವಯಂಸೇವಕರಾಗಿ, ಸಬ್‌ಸ್ಕ್ರೈಬ್ ಮಾಡಿ, ಹತ್ತು ಜನರಿಗೆ ಕಳುಹಿಸಿ. ನೋಡಿದ ನಮ್ಮ ದೊಡ್ಡಮ್ಮನೇ "ಕೆಲಸ ಒಳ್ಳೆಯದು, ಆದರೆ ಕೊನೆಯಲ್ಲಿ ಬೆನ್ನು ಹಿಡಿದ ಹಾಗೆ ಆಗುತ್ತದೆ" ಎಂದರು. ಹಾಗಾಗಿ ಎರಡನೆಯ ಆವೃತ್ತಿಯಲ್ಲಿ ಎಲ್ಲವನ್ನೂ ತೆಗೆದು, ಬರೀ ಕಥೆಯನ್ನು ಉಳಿಸಿ, ಕೊನೆಗೆ ಲೋಗೊ ಮತ್ತು ಫೋನ್ ನಂಬರ್ ಹಾಕಿದೆವು. ಇದನ್ನು ಎಲ್ಲರೂ ಮೆಚ್ಚಿದರು, ಅನೇಕರು ಸ್ಟೇಟಸ್‌ಗೂ ಹಾಕಿಕೊಂಡರು. ಆದರೆ ಮೂರು ವಾರದಲ್ಲಿ ಸಾಮಾನು ಕೊಡುತ್ತೇವೆಂದು ಒಂದೇ ಒಂದು ಕರೆ ಬರಲಿಲ್ಲ.

ಈಗ ಮೂರನೆಯ ಆವೃತ್ತಿಯನ್ನು 75 ಸೆಕೆಂಡಿಗೆ ಕೂರಿಸುತ್ತಿದ್ದೇನೆ. ಒತ್ತಾಯ ಎನಿಸದ ಹಾಗೆ ಮನವಿಯನ್ನು ಎಲ್ಲಿ, ಯಾರ ಬಾಯಿಂದ, ಯಾವ ಮಾತಿನಲ್ಲಿ ಹೇಳಿಸಬೇಕು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಹಂಪನಕಟ್ಟೆ ಜಾಹೀರಾತು

ಉತ್ತರ ಸರಳವಾಗಿದೆ. ಮೊದಲ ಮೂರು ಸೆಕೆಂಡಿನಲ್ಲಿಯೇ ಕೇಳಿಬಿಡಿ. ರೀಲ್ಸ್ ನೋಡುವವರು ಆರಂಭದಲ್ಲೇ ಬೆರಳಾಡಿಸಿ ಮುಂದೆ ಹೋಗಿಬಿಡುತ್ತಾರೆ, ಕೊನೆಯವರೆಗೆ ಉಳಿಯುವವರು ಕಡಿಮೆ. ಉಳಿಯದವರಿಗೆ ನಿಮ್ಮ ಮನವಿ ತಲುಪುವುದೇ ಇಲ್ಲ. ನಾನು ಅಂಗಡಿಗಳ ವಿಡಿಯೊಗಳನ್ನು ಹೀಗೆಯೇ ಮಾಡಿಸುತ್ತೇನೆ.

ಸಂಕಲನದ ಮೇಜು

ಮೇಲಿನವರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಆರಂಭದಲ್ಲಿಯೇ ಜನ ಹೋಗುತ್ತಾರೆ ಎಂಬುದು ನಿಜ. ಆದರೆ ಅದಕ್ಕೆ ಪರಿಹಾರ ಮೊದಲ ಸೆಕೆಂಡುಗಳಲ್ಲಿ ನೋಡುವಂತಹದ್ದು ಇರಬೇಕು ಎಂಬುದೇ ಹೊರತು, ಕೇಳುವುದು ಇರಬೇಕು ಎಂಬುದಲ್ಲ. ಅಂಗಡಿಗೆ ಬಂದವನಿಗೆ ತಾನು ಕೊಳ್ಳಲು ಬಂದಿದ್ದೇನೆಂದು ಗೊತ್ತಿರುತ್ತದೆ, ಆದ್ದರಿಂದ ದರವನ್ನು ಬಾಗಿಲಲ್ಲೇ ಬರೆದರೂ ನಡೆಯುತ್ತದೆ. ಇಲ್ಲಿ ನೋಡುವವನಿಗೆ ತನ್ನ ಅಟ್ಟದಲ್ಲಿರುವ ವಾಕರ್‌ಗೂ ಈ ವಿಡಿಯೊಗೂ ಏನು ಸಂಬಂಧ ಎಂಬುದೇ ಇನ್ನೂ ಹೊಳೆದಿಲ್ಲ. ಆ ಹಂತದಲ್ಲಿ ಕೇಳಿದರೆ ಪರಿಚಯವಿಲ್ಲದವರು ಮನೆಯೊಳಗೆ ನುಗ್ಗಿದ ಹಾಗಾಗುತ್ತದೆ.

ನಿಮ್ಮ ಎರಡನೆಯ ಆವೃತ್ತಿ ಯಾಕೆ ಸೋತಿತು ಎಂಬುದು ಇನ್ನೂ ಮುಖ್ಯ. ಅದನ್ನು ಯೂಟ್ಯೂಬಿಗೂ ಹಾಕಿದ್ದರೆ ಸ್ಟುಡಿಯೊದಲ್ಲಿ ವೀಕ್ಷಕರು ಯಾವ ಸೆಕೆಂಡಿನವರೆಗೆ ಉಳಿದರು ಎಂದು ತೋರಿಸುವ ಗೆರೆಯನ್ನು ತೆರೆದು ನೋಡಿ. ಬಹುತೇಕ ವಿಡಿಯೊಗಳಲ್ಲಿ ಆ ಗೆರೆ ಆರಂಭದಲ್ಲಿ ಒಮ್ಮೆ ಬೀಳುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತ ಬರುತ್ತದೆ, ಕೊನೆಯಲ್ಲಿ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಕುಸಿಯುವ ಜಾಗಕ್ಕೆ ಹೋಗಿ ಪರದೆಯಲ್ಲಿ ಏನಿದೆ ಎಂದು ನೋಡಿದರೆ, ಸಾಮಾನ್ಯವಾಗಿ ಅಲ್ಲಿ ಸಂಗೀತ ಇಳಿಯಲಾರಂಭಿಸಿರುತ್ತದೆ, ಅಥವಾ ಲೋಗೊ ಬಂದಿರುತ್ತದೆ, ಅಥವಾ ಯಾರೋ "ಧನ್ಯವಾದಗಳು" ಎಂದಿರುತ್ತಾರೆ. ಯಕ್ಷಗಾನದಲ್ಲಿ ಮಂಗಳ ಹಾಡಲು ಶುರುವಾದೊಡನೆ ಜನ ಚಾಪೆ ಮಡಚಿಕೊಂಡು ಏಳುವ ಹಾಗೆಯೇ ಇದು. ನಿಮ್ಮ ಫೋನ್ ನಂಬರನ್ನು ನೀವು ಇಟ್ಟಿದ್ದು ಮಂಗಳ ಹಾಡಿದ ಮೇಲೆ.

ಆದ್ದರಿಂದ ಮನವಿಯನ್ನು ಕಥೆ ಮುಗಿದ ಮೇಲೆ ಅಂಟಿಸಬೇಡಿ, ಕಥೆಯಲ್ಲಿ ಕೊರತೆ ಇನ್ನೂ ಉಳಿದಿರುವಾಗಲೇ ಇಡಿ. ಅಂದರೆ ಒಂದು ಮನೆಗೆ ವಾಕರ್ ಹೋಯಿತು, ಆದರೆ ನಿಮ್ಮ ಉಗ್ರಾಣದ ಪುಸ್ತಕದಲ್ಲಿ ಇನ್ನೂ ಕಾಯುತ್ತಿರುವವರ ಸಾಲು ಇದೆ ಎಂದು ನೋಡುವವರಿಗೆ ಕಾಣಿಸಿದ ಆ ಕ್ಷಣದಲ್ಲಿ. ಮನವಿಯಾದ ಮೇಲೆ ಕಥೆ ಮತ್ತೆ ಹತ್ತು ಹನ್ನೆರಡು ಸೆಕೆಂಡು ಮುಂದುವರಿಯಬೇಕು. ಕೇಳಿ ಮುಗಿಸಿ ನೀವು ನಿಮ್ಮ ಕೆಲಸಕ್ಕೆ ಮರಳಿದಿರಿ ಎಂಬುದನ್ನು ಅವರು ಕಣ್ಣಾರೆ ನೋಡುತ್ತಾರೆ. ಕೇಳಿದವರು ಉತ್ತರಕ್ಕಾಗಿ ಮುಖವನ್ನೇ ದಿಟ್ಟಿಸುತ್ತ ನಿಂತರೆ ಅದು ಒತ್ತಾಯವಾಗುತ್ತದೆ, ಕೇಳಿ ಮತ್ತೆ ಕೆಲಸಕ್ಕೆ ಬಗ್ಗಿದರೆ ಆಗುವುದಿಲ್ಲ.

ಪಡುಬಿದ್ರಿ ನಾಯಿಮರಿ

ನಾವು ಬೀದಿನಾಯಿಗಳ ಚಿಕಿತ್ಸೆಗೆ ದೇಣಿಗೆ ಸಂಗ್ರಹಿಸುತ್ತೇವೆ. ನೀವು ಸುಮ್ಮನೆ ಕ್ಯೂಆರ್ ಕೋಡ್ ಹಾಕಿಬಿಡಿ. ಬಾಯಿಬಿಟ್ಟು ಕೇಳುವ ಮುಜುಗರವೇ ಇರುವುದಿಲ್ಲ. ನಾವು ವಿಡಿಯೊದ ಉದ್ದಕ್ಕೂ ಕೆಳಗಿನ ಮೂಲೆಯಲ್ಲಿ ಹಾಕುತ್ತೇವೆ.

ಕುಂದಾಪುರದ ಕಂಬಳಿ

ಅವರು ಕೇಳುತ್ತಿರುವುದು ಹಣವನ್ನಲ್ಲ, ಹಳೆಯ ಸಾಮಾನನ್ನು. ಪೋಸ್ಟ್ ಅನ್ನು ಇನ್ನೊಮ್ಮೆ ಓದಿ.

ಸಂಕಲನದ ಮೇಜು

ಹಣಕ್ಕಾದರೂ ಅದರಲ್ಲಿ ಎರಡು ತೊಂದರೆಗಳಿವೆ, ಪಡುಬಿದ್ರಿಯವರೇ. ವಿಡಿಯೊ ಫೋನಿನಲ್ಲೇ ಓಡುತ್ತಿರುವಾಗ ಅದೇ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡಲು ಆಗುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದು, ಪಾವತಿ ಆ್ಯಪ್ ತೆರೆದು, ಗ್ಯಾಲರಿಯಿಂದ ಆರಿಸಬೇಕು. ಅಷ್ಟು ಹೊತ್ತಿಗೆ ಕೊಡುವ ಮನಸ್ಸು ತಣ್ಣಗಾಗಿರುತ್ತದೆ. ಸಭಾಂಗಣದ ದೊಡ್ಡ ಪರದೆಯಲ್ಲಿ ತೋರಿಸುವ ವಿಡಿಯೊಗೆ ಕ್ಯೂಆರ್ ಬಹಳ ಒಳ್ಳೆಯದು, ಅಂಗೈಯಲ್ಲಿ ನೋಡುವ ವಿಡಿಯೊಗಲ್ಲ. ಎರಡನೆಯದಾಗಿ, ರೀಲ್ಸ್‌ನಲ್ಲಿ ಕೆಳಭಾಗದ ಮೇಲೆ ಖಾತೆಯ ಹೆಸರು ಮತ್ತು ಬರಹ ಬಂದು ಕೂರುತ್ತವೆ, ಬಲಬದಿಯಲ್ಲಿ ಲೈಕ್ ಮತ್ತು ಶೇರ್ ಗುಂಡಿಗಳಿರುತ್ತವೆ. ಕೆಳಗಿನ ಮೂಲೆಯಲ್ಲಿ ಏನೇ ಇಟ್ಟರೂ ಅವುಗಳ ಅಡಿಗೆ ಹೋಗುತ್ತದೆ. ನಿಮ್ಮದೇ ವಿಡಿಯೊವನ್ನು ಬೇರೆಯವರ ಫೋನಿನಲ್ಲಿ ತೆರೆದು ನೋಡಿ.

ಪಡುಬಿದ್ರಿ ನಾಯಿಮರಿ

ಈಗ ನೋಡಿದೆ. ಅರ್ಧ ಕೋಡ್ ಮುಚ್ಚಿಹೋಗಿದೆ. ಇಷ್ಟು ದಿನ ಇದು ಗಮನಕ್ಕೇ ಬಂದಿರಲಿಲ್ಲ, ತಿಳಿಸಿದ್ದಕ್ಕೆ ಉಪಕಾರವಾಯಿತು.

ಕಾರ್ಕಳದ ಮೇಷ್ಟ್ರು

ಜಾಗದ ಬಗ್ಗೆ ನನಗೆ ತಿಳಿಯದು, ಆದರೆ ಮಾತಿನ ಬಗ್ಗೆ ಎರಡು ವಿಷಯ ಹೇಳಬೇಕೆನಿಸುತ್ತದೆ, ಯಾಕೆಂದರೆ ಕನ್ನಡದಲ್ಲಿ ಒತ್ತಾಯವು ಬಹಳ ಸಲ ಕ್ರಿಯಾಪದದಲ್ಲಿ ಇರುವುದಿಲ್ಲ, ಬೇರೆ ಪದಕ್ಕೆ ಅಂಟಿಕೊಂಡ ಸಣ್ಣ ಪ್ರತ್ಯಯದಲ್ಲಿರುತ್ತದೆ. "ನೀವು ಕೊಡಿ" ಎಂಬುದಕ್ಕೂ "ನೀವೂ ಕೊಡಿ" ಎಂಬುದಕ್ಕೂ ಇರುವ ಅಂತರವನ್ನು ಗಮನಿಸಿ. ಆ ಒಂದು ದೀರ್ಘ ಊಕಾರವು, ಉಳಿದವರೆಲ್ಲ ಕೊಟ್ಟಾಗಿದೆ, ಬಾಕಿ ಇರುವುದು ನೀವು ಮಾತ್ರ ಎಂದು ಹೇಳುತ್ತದೆ. "ನೂರು ರೂಪಾಯಿಯಾದರೂ", "ಒಂದು ಗಂಟೆಯಾದರೂ" ಎನ್ನುವಾಗಲೂ ಹಾಗೆಯೇ. "ಆದರೂ" ಎಂದ ಕೂಡಲೇ, ಇಷ್ಟನ್ನೂ ಕೊಡದವರು ಎಂಥವರು ಎಂಬ ಆಕ್ಷೇಪ ಒಳಗೆ ಬಂದು ಕೂರುತ್ತದೆ. ಬರೆದವರಿಗೆ ಆ ಉದ್ದೇಶ ಇರಲಿಕ್ಕಿಲ್ಲ, ಆದರೆ ಕೇಳಿಸಿಕೊಳ್ಳುವವರ ಕಿವಿಗೆ ಅದೇ ಬೀಳುತ್ತದೆ.

ಇದಕ್ಕೆ ಬದಲಾಗಿ ವಾಕ್ಯವನ್ನು "ಇದ್ದರೆ" ಎಂಬಲ್ಲಿಂದ ಕಟ್ಟಿ. "ನಿಮ್ಮ ಮನೆಯಲ್ಲಿ ಬಳಸದ ವಾಕರ್ ಇದ್ದರೆ ನಮಗೊಂದು ಫೋನ್ ಮಾಡಿ." ಇಲ್ಲದವರು ಯಾವ ಅಳುಕೂ ಇಲ್ಲದೆ ಮುಂದೆ ಹೋಗಬಹುದು, ಇರುವವರಿಗೆ ಅದು ನೇರವಾಗಿ ತಮಗೇ ಹೇಳಿದ ಹಾಗೆ ಕೇಳಿಸುತ್ತದೆ. "ಸಹೃದಯರಾದ ತಾವೆಲ್ಲರೂ" ಎಂದು ಶುರು ಮಾಡಿದರೆ ಅದು ಎಲ್ಲರಿಗೂ ಹೇಳಿದ್ದಾಗುತ್ತದೆ, ಆದ್ದರಿಂದ ಯಾರೂ ತಮಗೆಂದು ತಿಳಿಯುವುದಿಲ್ಲ.

ಹಂಪನಕಟ್ಟೆ ಜಾಹೀರಾತು

ಮೇಷ್ಟ್ರೇ, "ಇದ್ದರೆ" ಎಂದರೆ ಮಾತು ಸಡಿಲವಾಗುವುದಿಲ್ಲವೇ? "ಇಂದೇ ಕರೆ ಮಾಡಿ" ಎನ್ನುವಲ್ಲಿ ಒಂದು ಅವಸರವಿದೆ. ಅವಸರವಿಲ್ಲದಿದ್ದರೆ ಜನ ನಾಳೆ ನೋಡೋಣ ಎನ್ನುತ್ತಾರೆ, ಆ ನಾಳೆ ಬರುವುದೇ ಇಲ್ಲ. ಮೃದುವಾಗಿ ಕೇಳಿ ಏನೂ ಸಿಗದಿದ್ದರೆ ಆ ಮೃದುತ್ವದಿಂದ ರೋಗಿಗೆ ಏನು ಪ್ರಯೋಜನ?

ಬ್ರಹ್ಮಾವರ ಟು ದುಬೈ

ನಾನು ಈ ವೇದಿಕೆಯಲ್ಲಿ ಬರೆಯುವುದು ಅಪರೂಪ, ಆದರೆ ಇದಕ್ಕೆ ಉತ್ತರಿಸದೆ ಇರಲಾಗಲಿಲ್ಲ. ಬ್ರಹ್ಮಾವರದ ನಮ್ಮ ಮನೆಯಲ್ಲಿ ಅಮ್ಮ ಕೊನೆಯ ಒಂದೂವರೆ ವರ್ಷ ಮಲಗಿದ್ದ ಆಸ್ಪತ್ರೆ ಮಂಚ ಇದೆ. ತಲೆಯ ಭಾಗವನ್ನು ತಿರುಗಿಸಿ ಎತ್ತುವ ಹಿಡಿಕೆಗೆ ಅವರು ತಮ್ಮ ಹಳೆಯ ಸೀರೆಯ ತುಂಡನ್ನು ಸುತ್ತಿಸಿಕೊಂಡಿದ್ದರು, ತಿರುಗಿಸುವವರ ಕೈಗೆ ಕಬ್ಬಿಣ ಒತ್ತಬಾರದೆಂದು. ಅಮ್ಮ ಹೋದ ಎರಡನೆಯ ತಿಂಗಳಿಗೇ ಒಂದು ಸಂಸ್ಥೆಯವರು ಯಾರಿಂದಲೋ ತಿಳಿದುಕೊಂಡು ಫೋನ್ ಮಾಡಿ, "ಹೇಗೂ ಈಗ ನಿಮಗೆ ಬೇಡವಲ್ಲ, ಇಂದೇ ಕಳುಹಿಸಿಕೊಡಿ, ರೋಗಿ ಕಾಯುತ್ತಿದ್ದಾರೆ" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಾನು ಕೊಡಲಿಲ್ಲ. ವರ್ಷಾಂತಿಕ ಮುಗಿಯುವವರೆಗೆ ಆ ಕೋಣೆಯನ್ನು ಹಾಗೆಯೇ ಇಡಬೇಕೆಂದು ಅಕ್ಕನಿಗೂ ನನಗೂ ಅನಿಸಿತ್ತು.

ನೀವು ಕೇಳುತ್ತಿರುವ ಸಾಮಾನು ಅಟ್ಟಕ್ಕೆ ಹೋಗಿರುವುದು ಹೆಚ್ಚಿನ ಮನೆಗಳಲ್ಲಿ ಒಂದು ಸಾವಿನ ನಂತರ. ಇದನ್ನು ಅರಿಯದೆ ಎಷ್ಟು ಸೌಮ್ಯವಾಗಿ ಕೇಳಿದರೂ ಅದು ನೋಯಿಸುತ್ತದೆ. ಅರಿತು ಕೇಳಿದರೆ ನೇರವಾಗಿಯೇ ಕೇಳಬಹುದು.

ಸಂಕಲನದ ಮೇಜು

ನಾನು ಹೇಳಿದ ಎಲ್ಲಕ್ಕಿಂತ ಇದು ದೊಡ್ಡ ಮಾತು. ಅಟ್ಟದ ಏಣಿಯವರೇ, ನಿಮ್ಮ ಮನವಿಯಲ್ಲಿ "ನಿಮಗೆ ಮನಸ್ಸಾದಾಗ" ಎಂಬ ಮಾತಿಗೆ ಜಾಗ ಮಾಡಿ.

ಹಂಪನಕಟ್ಟೆ ಜಾಹೀರಾತು

ದುಬೈಯವರಿಗೆ ನೋವಾಗಿದ್ದರೆ ಕ್ಷಮೆಯಿರಲಿ, ನಾನು ಆ ದಿಕ್ಕಿನಲ್ಲಿ ಯೋಚಿಸಿರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಎಲ್ಲ ವಾಕರ್‌ಗಳೂ ಸಾವಿನ ಮನೆಯವಲ್ಲ. ಕಾಲು ಮುರಿದು, ಮೂರು ತಿಂಗಳಲ್ಲಿ ಗುಣವಾಗಿ, ಮೂಲೆಗೆ ಇಟ್ಟ ವಾಕರ್‌ಗಳು ಮಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇರಬಹುದು. ಅವರಿಗೆ ಅವಸರದ ಮಾತು ಬೇಕೇ ಬೇಕು ಎಂಬುದು ಈಗಲೂ ನನ್ನ ಅಭಿಪ್ರಾಯ.

ಮನೆಮನೆ ಫಿಸಿಯೊ

ನಾನು ಮಂಗಳೂರು ಭಾಗದಲ್ಲಿ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಒಂದು ಎಚ್ಚರಿಕೆ: ಸಿಕ್ಕಿದ್ದನ್ನೆಲ್ಲ ತನ್ನಿ ಎಂಬ ಅರ್ಥ ಬರುವಂತೆ ಕೇಳಬೇಡಿ. ವಾಕರ್‌ನ ಕಾಲುಗಳ ರಬ್ಬರ್ ಬುಡ ಸವೆದು ಒಳಗಿನ ಲೋಹ ಕಾಣುತ್ತಿದ್ದರೆ, ನಮ್ಮ ಕಡೆಯ ಮನೆಗಳ ನುಣುಪಾದ ರೆಡ್‌ಆಕ್ಸೈಡ್ ನೆಲದ ಮೇಲೆ, ಅದರಲ್ಲೂ ಮಳೆಗಾಲದ ತೇವದಲ್ಲಿ, ಅದು ಜಾರುತ್ತದೆ. ರಬ್ಬರ್ ಬುಡವನ್ನು ಬದಲಾಯಿಸಬಹುದು, ಆದರೆ ಸೀಳಿದ ಏರ್‌ಬೆಡ್ ತಂದರೆ ಅದು ನಿಮ್ಮ ಉಗ್ರಾಣಕ್ಕೆ ಹೊರೆ ಮಾತ್ರ. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ವಿಡಿಯೊದಲ್ಲಿ ಸ್ಪಷ್ಟವಾಗಿ ಹೇಳಿ.

ಸಂಕಲನದ ಮೇಜು

ಮೇಡಂ, ನಿಮ್ಮ ಕಾಳಜಿ ಸರಿಯಾಗಿದೆ, ಆದರೆ ಆ ಪಟ್ಟಿಯನ್ನು ವಿಡಿಯೊದೊಳಗೆ ತಂದರೆ ಮನವಿ ಹತ್ತು ಸೆಕೆಂಡಿನಲ್ಲಿ ಮುಗಿಯುವುದಿಲ್ಲ. ವಿಡಿಯೊ ಒಂದೇ ಕೆಲಸ ಮಾಡಬೇಕು, ಫೋನ್ ಮಾಡಿಸಬೇಕು. ಉಳಿದದ್ದನ್ನು ಫೋನಿನಲ್ಲಿ ಕೇಳಿಕೊಳ್ಳಬಹುದು. ಬೇಕಿದ್ದರೆ ನಿಮ್ಮ ರಬ್ಬರ್ ಬುಡವನ್ನೇ ಚಿತ್ರವಾಗಿ ಬಳಸಲಿ. ಯಾರೋ ಸವೆದ ಬುಡವನ್ನು ಕಿತ್ತು ಹೊಸದನ್ನು ಒತ್ತಿ ಕೂರಿಸುವುದನ್ನು ನಾಲ್ಕು ಸೆಕೆಂಡು ಹತ್ತಿರದಿಂದ ತೋರಿಸಿದರೆ, ಕೊಟ್ಟ ಸಾಮಾನನ್ನು ಇವರು ಜೋಪಾನ ಮಾಡುತ್ತಾರೆ ಎಂಬುದು ಮಾತಿಲ್ಲದೆ ತಿಳಿಯುತ್ತದೆ. ನಂಬಿಕೆ ಹುಟ್ಟಿಸುವ ಇಂತಹ ದೃಶ್ಯ ಮನವಿಗಿಂತ ಮೊದಲೇ ಬರಬೇಕು.

ಬೈಂದೂರು ಬಸ್ಸು

ಹಣವನ್ನು ಕೂಡ ಕೇಳಿದರೆ ತಪ್ಪೇನು? ಸಾಗಣೆಗೆ ಡೀಸೆಲ್ ಬೇಕಲ್ಲವೇ? 80ಜಿ ಇದ್ದರೆ ಅದನ್ನೂ ಹಾಕಿ, ತೆರಿಗೆ ಉಳಿಯುತ್ತದೆಂದು ಜನ ಕೊಡುತ್ತಾರೆ.

ಅಟ್ಟದ ಏಣಿ (ಉಡುಪಿ)

80ಜಿ ಇದೆ. ಆದರೆ ಅದರ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಸಿಗುತ್ತದೆ, 2000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ಅದಕ್ಕೂ ಸಿಗುವುದಿಲ್ಲ. ಇಷ್ಟನ್ನೂ ವಿವರಿಸಲು ಹೊರಟರೆ ವಾಕರ್‌ನ ಕಥೆ ಅಲ್ಲಿಗೇ ನಿಲ್ಲುತ್ತದೆ. ಸಾಮಾನು ಕೊಟ್ಟವರಲ್ಲಿ ಕೆಲವರು ಆಮೇಲೆ ತಾವಾಗಿಯೇ ಡೀಸೆಲ್‌ಗೆಂದು ಹಣ ಕೊಡುವುದನ್ನು ನೋಡಿದ್ದೇನೆ, ಆದ್ದರಿಂದ ಈ ವಿಡಿಯೊದಲ್ಲಿ ಹಣದ ಮಾತು ಬೇಡ ಎಂದು ನಿರ್ಧರಿಸಿದ್ದೇವೆ.

ಸುರತ್ಕಲ್ ಮಗಳು

ಪಡೆಯುವವರ ಕಡೆಯಿಂದ ಒಂದು ಮಾತು. ನಮ್ಮ ಅಪ್ಪನಿಗೆ ಪಾರ್ಶ್ವವಾಯು ಆಗಿದ್ದಾಗ ಒಂದು ಸಂಸ್ಥೆ ವ್ಹೀಲ್‌ಚೇರ್ ಕೊಟ್ಟಿತು, ಅದಕ್ಕೆ ನಾವು ಇಂದಿಗೂ ಋಣಿಗಳು. ಆದರೆ ಅವರ ವಿಡಿಯೊದಲ್ಲಿ ಅಪ್ಪನ ಮುಖವನ್ನು, ಬಾಯಿಯ ಒಂದು ಬದಿ ವಾಲಿರುವುದನ್ನು, ಹತ್ತಿರದಿಂದ ತೋರಿಸಿ, ಅದರ ಮೇಲೆಯೇ "ಇವರಂಥವರಿಗೆ ನೆರವಾಗಿ" ಎಂಬ ಬರಹವನ್ನು ಹಾಕಿದ್ದರು. ಒಪ್ಪಿಗೆ ಕೇಳಿದ್ದರು ನಿಜ, ಆದರೆ ಕುರ್ಚಿಯನ್ನು ಇಳಿಸುತ್ತ ಕೇಳಿದಾಗ ಬೇಡ ಎನ್ನುವುದು ಹೇಗೆ? ಅಪ್ಪ ಮೂವತ್ತೆರಡು ವರ್ಷ ಬಂದರಿನಲ್ಲಿ ದುಡಿದವರು. ಆ ವಿಡಿಯೊ ಅವರ ಹಳೆಯ ಸಹೋದ್ಯೋಗಿಗಳ ಗುಂಪಿಗೂ ಹೋಯಿತು. ಆಮೇಲೆ ಬಹಳ ದಿನ ಅವರು ಜಗಲಿಗೆ ಬರಲಿಲ್ಲ.

ಒತ್ತಾಯ ನೋಡುವವರ ಮೇಲೆ ಮಾತ್ರ ಆಗುವುದಲ್ಲ, ಪರದೆಯಲ್ಲಿ ಇರುವವರ ಮೇಲೂ ಆಗುತ್ತದೆ.

ಕಾರ್ಕಳದ ಮೇಷ್ಟ್ರು

ತಂಗಿ, ನಿನ್ನ ಮಾತನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. "ಇವರಂಥವರು" ಎಂಬ ಪದವನ್ನು ಯಾವ ಮನವಿಯಲ್ಲೂ ಬಳಸಬಾರದು.

ಮನೆಮನೆ ಫಿಸಿಯೊ

ಒಪ್ಪಿಗೆಯನ್ನು ಸಾಮಾನು ತಲುಪಿಸಿದ ದಿನ ಕೇಳಬಾರದು. ಒಂದು ವಾರ ಬಿಟ್ಟು, ಕೊಡುವ ಕೆಲಸ ಮಾಡಿದವರಲ್ಲದ ಬೇರೊಬ್ಬರು ಕೇಳಬೇಕು, ಎಡಿಟ್ ಆದ ವಿಡಿಯೊವನ್ನು ತೋರಿಸಿಯೇ ಕೇಳಬೇಕು.

ಅಟ್ಟದ ಏಣಿ (ಉಡುಪಿ)

ಎಲ್ಲರ ಮಾತನ್ನು ಇಟ್ಟುಕೊಂಡು ನಿನ್ನೆ ರಾತ್ರಿ ಹೊಸದಾಗಿ ಜೋಡಿಸಿದೆ. ಮೊದಲ ಆರು ಸೆಕೆಂಡು ಮಾತಿಲ್ಲ. ಅಟ್ಟದ ಕತ್ತಲಿನಿಂದ ಒಂದು ವಾಕರ್ ಕೆಳಗಿಳಿಯುತ್ತದೆ, ಧೂಳು ಬಿಸಿಲಿಗೆ ಬೀಳುತ್ತದೆ. ಅಲ್ಲಿಂದ 38ನೆಯ ಸೆಕೆಂಡಿನವರೆಗೆ ಅದನ್ನು ತೊಳೆಯುವುದು, ರಬ್ಬರ್ ಬುಡ ಬದಲಿಸುವುದು, ಎತ್ತರ ಹೊಂದಿಸುವ ಗುಂಡಿಯನ್ನು ಒತ್ತಿ ಕಾಲುಗಳನ್ನು ಸಮ ಮಾಡುವುದು, ಓಮ್ನಿಯಲ್ಲಿ ಒಯ್ಯುವುದು. 38ರಿಂದ 48ರವರೆಗೆ ಉಗ್ರಾಣದ ಪುಸ್ತಕ: ಹೆಸರುಗಳ ಮೇಲೆ ಕಾಗದ ಮುಚ್ಚಿ, "ಮಂಚ", "ಮಂಚ", "ವ್ಹೀಲ್‌ಚೇರ್" ಎಂದು ಬರೆದ ಸಾಲುಗಳನ್ನು ಮತ್ತು ಅವುಗಳ ಮುಂದಿನ ಖಾಲಿ ಜಾಗವನ್ನು ಮಾತ್ರ ತೋರಿಸುತ್ತೇವೆ.

48ರಿಂದ 59ರವರೆಗೆ ಮನವಿ. ಅದನ್ನು ವಾಯ್ಸ್ ಓವರ್‌ನಲ್ಲಿ ಹೇಳಿಸುತ್ತಿಲ್ಲ. ಉಗ್ರಾಣವನ್ನು ನೋಡಿಕೊಳ್ಳುವ ನಮ್ಮ ಅಕ್ಕ ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಹೇಳುತ್ತಾರೆ: "ನಿಮ್ಮ ಮನೆಯಲ್ಲಿ ಯಾರಿಗೋ ಆಸರೆಯಾಗಿದ್ದ ಮಂಚವೋ ವಾಕರೋ ಈಗ ಸುಮ್ಮನಿದ್ದರೆ, ಕೊಡಬೇಕೆಂದು ನಿಮಗೆ ಅನಿಸಿದ ದಿನ ನಮಗೊಂದು ಫೋನ್ ಮಾಡಿ. ನಾವೇ ಬಂದು ಒಯ್ಯುತ್ತೇವೆ." ಹೇಳಿ, ಮತ್ತೆ ಒರೆಸಲು ತೊಡಗುತ್ತಾರೆ. ಫೋನ್ ನಂಬರ್ ಅವರು ಮಾತು ಆರಂಭಿಸಿದಾಗಲೇ ಪರದೆಯ ಮೇಲ್ಭಾಗದಲ್ಲಿ, ಐದೈದು ಅಂಕೆಗಳಾಗಿ ಬಂದು, ಕೊನೆಯವರೆಗೂ ನಿಲ್ಲುತ್ತದೆ. 59ರ ನಂತರ ವಾಕರ್ ತಲುಪಿದ ಮನೆಯ ಜಗಲಿ. ಮುಖವಿಲ್ಲ, ಎರಡು ಪಾದಗಳು, ನಾಲ್ಕು ರಬ್ಬರ್ ಬುಡಗಳು, ಟಕ್ ಟಕ್ ಎಂಬ ಸದ್ದು, ಅಷ್ಟೇ. ಲೋಗೊವನ್ನು ಆ ಪಾದಗಳು ನಡೆಯುತ್ತಿರುವಾಗಲೇ ಮೂಲೆಯಲ್ಲಿ ಸಣ್ಣದಾಗಿ ಹಾಕಿದ್ದೇನೆ.

ಸಂಕಲನದ ಮೇಜು

ಇದು ನಿಲ್ಲುತ್ತದೆ. ಮೂರು ಸಣ್ಣ ಮಾತುಗಳಿವೆ. ಬಸ್ಸಿನಲ್ಲಿ, ಕಚೇರಿಯಲ್ಲಿ ಸದ್ದು ತೆಗೆದು ನೋಡುವವರಿಗಾಗಿ ಅಕ್ಕನ ಮಾತನ್ನು ಕನ್ನಡ ಅಕ್ಷರಗಳಲ್ಲೂ ಹಾಕಿ. ಯೂಟ್ಯೂಬ್ ಶಾರ್ಟ್ಸ್‌ನ ವಿವರಣೆಯಲ್ಲಿ ಹಾಕಿದ ಕೊಂಡಿಗಳು 2023ರ ಆಗಸ್ಟ್ ಕೊನೆಯಿಂದ ಒತ್ತಿದರೂ ತೆರೆಯುವುದಿಲ್ಲ, ಆದ್ದರಿಂದ "ಕೆಳಗಿನ ಕೊಂಡಿ ಒತ್ತಿ" ಎಂದು ಎಲ್ಲೂ ಬರೆಯಬೇಡಿ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವಾಗ ನಂಬರನ್ನು ವಿಡಿಯೊದ ಕೆಳಗಿನ ಬರಹದಲ್ಲೂ ಹಾಕಿ, ಅಲ್ಲಿ ಒತ್ತಿದರೆ ಕರೆ ಮಾಡುವ ಆಯ್ಕೆ ಬರುತ್ತದೆ. ಆದರೆ ಮುಂದೆ ಕಳುಹಿಸುವವರು ಆ ಬರಹವನ್ನು ಬಿಟ್ಟು ಕಳುಹಿಸಬಹುದು, ಹಾಗಾಗಿ ಪರದೆಯ ಮೇಲಿನ ನಂಬರ್ ಇರಲೇಬೇಕು.

ಕುಂದಾಪುರದ ಕಂಬಳಿ

ಅಕ್ಕ ತುಳುವಿನಲ್ಲಿ ಮಾತನಾಡಿ, ಕನ್ನಡ ಅಕ್ಷರ ಕೆಳಗೆ ಬಂದರೆ ಇನ್ನೂ ಹತ್ತಿರವಾಗುವುದಿಲ್ಲವೇ? ಅವರ ಮನೆಮಾತು ಅದೇ ಆಗಿದ್ದರೆ.

ಬೈಂದೂರು ಬಸ್ಸು

ಬೈಂದೂರು, ಕುಂದಾಪುರದ ಕಡೆಯ ನಮಗೆ ತುಳು ಬಾರದು. ನೀವು ಕುಂದಾಪುರದವರಾಗಿ ಇದನ್ನು ಹೇಳುತ್ತಿದ್ದೀರಲ್ಲ!

ಕುಂದಾಪುರದ ಕಂಬಳಿ

ನನ್ನ ಮನೆಯವರು ಮೂಲ್ಕಿಯವರು, ಅದಕ್ಕೇ ಹೇಳಿದೆ. ಎರಡು ಆವೃತ್ತಿ ಮಾಡಬಹುದು.

ಹಂಪನಕಟ್ಟೆ ಜಾಹೀರಾತು

ನನ್ನದೊಂದು ಬೇಡಿಕೆ. ಇದೇ ವಿಡಿಯೊದಲ್ಲಿ "ಅನಿಸಿದ ದಿನ" ಎಂಬುದರ ಬದಲು "ಈ ವಾರ" ಎಂದು ಹೇಳಿಸಿ ಇನ್ನೊಂದನ್ನು ತಯಾರಿಸಿ, ಅದರಲ್ಲಿ ಬೇರೆ ಫೋನ್ ನಂಬರ್ ಹಾಕಿ, ಮಂಗಳೂರಿನ ಅಪಾರ್ಟ್‌ಮೆಂಟ್ ಗುಂಪುಗಳಿಗೆ ಮಾತ್ರ ಕಳುಹಿಸಿ ನೋಡಿ. ಯಾವ ನಂಬರಿಗೆ ಕರೆ ಬಂತೆಂದು ಬರೆದಿಟ್ಟುಕೊಂಡರೆ ನಮ್ಮ ವಾದ ಊಹೆಯಲ್ಲಿ ಉಳಿಯುವುದಿಲ್ಲ. ಆ ಗುಂಪುಗಳಿಗೆ ತಲುಪಿಸುವ ಕೆಲಸವನ್ನು ನಾನೇ ಮಾಡುತ್ತೇನೆ.

ಅಟ್ಟದ ಏಣಿ (ಉಡುಪಿ)

ಒಪ್ಪಿದೆ. ಎರಡನೆಯ ಸಿಮ್ ಇದೆ. ಆದರೆ ಗುಂಪುಗಳೇ ಬೇರೆಯಾದ್ದರಿಂದ ಫಲ ಮಾತಿನಿಂದ ಬಂತೋ ಜನರಿಂದ ಬಂತೋ ಎಂದು ಪೂರ್ತಿ ತಿಳಿಯಲಾರದು. ಅರ್ಧದಷ್ಟು ಅಪಾರ್ಟ್‌ಮೆಂಟುಗಳಿಗೆ ಅದನ್ನು, ಇನ್ನರ್ಧಕ್ಕೆ ಇದನ್ನು ಕಳುಹಿಸೋಣ.

ಸುರತ್ಕಲ್ ಮಗಳು

ಪಾದಗಳನ್ನು ತೋರಿಸಿದವರಿಗೂ ಈ ವಿಡಿಯೊವನ್ನು ಮೊದಲು ತೋರಿಸಿದಿರಾ?

ಅಟ್ಟದ ಏಣಿ (ಉಡುಪಿ)

ಇನ್ನೂ ಇಲ್ಲ. ಭಾನುವಾರ ಹೋಗುತ್ತೇವೆ. ವಾಕರ್ ಒಯ್ದುಕೊಟ್ಟ ನಾನು ಹೋಗುವುದಿಲ್ಲ, ಬೇರೆಯವರು ಹೋಗುತ್ತಾರೆ. ಅವರು ಬೇಡವೆಂದರೆ ಕೊನೆಯ ದೃಶ್ಯವನ್ನು ನಮ್ಮ ಮನೆಯ ಜಗಲಿಯಲ್ಲಿ ಮತ್ತೆ ತೆಗೆಯುತ್ತೇವೆ.

ಬ್ರಹ್ಮಾವರ ಟು ದುಬೈ

ನಿನ್ನೆ ಅಕ್ಕನೊಡನೆ ಮಾತನಾಡಿದೆ. ಅಮ್ಮನ ವರ್ಷಾಂತಿಕ ಕಳೆದು ಈಗ ನಾಲ್ಕು ತಿಂಗಳಾಯಿತು. ಮನೆಯ ಕೀಲಿ ಪಕ್ಕದ ಮನೆಯವರಲ್ಲಿದೆ, ಅವರು ಮಧ್ಯಾಹ್ನ ಊಟದ ಹೊತ್ತಿನವರೆಗೆ ಮನೆಯಲ್ಲಿರುತ್ತಾರೆ. ನಂಬರನ್ನು ನಿಮಗೆ ಖಾಸಗಿ ಸಂದೇಶದಲ್ಲಿ ಕಳುಹಿಸಿದ್ದೇನೆ. ಮಂಚವನ್ನು ಒಯ್ಯುವಾಗ ಹಿಡಿಕೆಗೆ ಸುತ್ತಿರುವ ಸೀರೆಯ ತುಂಡನ್ನು ಮಾತ್ರ ಬಿಚ್ಚಿ ಅವರ ಕೈಗೆ ಕೊಡಿ.